03/04/25 ಅಂದರೆ ಯಾವ ದಿನ?

ಬೆಂಗಳೂರಿನಲ್ಲಿ ಕೂತು ಅಮೆರಿಕದ ಗ್ರಾಹಕರ ಬಿಲ್ಲುಗಳ ಪಾವತಿ ನೋಡಿಕೊಳ್ಳುವುದು ನನ್ನ ಕೆಲಸ. 03/04/25 ಅಂತ ಕಂಡರೆ ನಮಗದು ಏಪ್ರಿಲ್ 3. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ, ಹಾಗಾಗಿ ಅವರಿಗೆ ಮಾರ್ಚ್ 4. ವರ್ಷವನ್ನು ಮೊದಲು ಬರೆಯುವ ಜಪಾನ್, ಚೀನಾದ ರೂಢಿಯಲ್ಲಿ ಓದಿದರೆ 2003ರ ಏಪ್ರಿಲ್ 25. ತಾರೀಕು 12 ದಾಟಿದರೆ ದಿನ ಯಾವುದು, ತಿಂಗಳು ಯಾವುದು ಅಂತ ತಾನಾಗಿ ತಿಳಿಯುತ್ತದೆ. ನಮ್ಮ ರೀತಿಗೂ ಅಮೆರಿಕದ ರೀತಿಗೂ ನಡುವೆ ನಿಜವಾದ ಗೊಂದಲ ಹುಟ್ಟುವುದು ವರ್ಷದ 132 ದಿನಗಳಲ್ಲಿ ಮಾತ್ರ.

ಆದರೆ ಎಕ್ಸೆಲ್‌ನಲ್ಲಿ ಇದೇ ಕಷ್ಟ. ಒಬ್ಬ ಸಪ್ಲೈಯರ್ ಕಳಿಸಿದ CSV ಫೈಲಿನ ಬಿಲ್ ತಾರೀಕುಗಳು ಹೀಗಿವೆ ಅಂದುಕೊಳ್ಳಿ:

```
03/04/25
03/11/25
03/18/25
03/25/25
```

ಭಾರತದ ಸೆಟ್ಟಿಂಗ್ ಇರುವ ಕಂಪ್ಯೂಟರಿನಲ್ಲಿ ಇದನ್ನು ನೇರವಾಗಿ ತೆರೆದರೆ ಮೊದಲೆರಡು ಸಾಲು ಏಪ್ರಿಲ್ 3, ನವೆಂಬರ್ 3 ಆಗಿ ಕೂತುಬಿಡುತ್ತವೆ. 18ನೇ, 25ನೇ ತಿಂಗಳು ಇಲ್ಲವಲ್ಲ, ಕೊನೆಯೆರಡು ಬರೀ ಅಕ್ಷರಗಳಾಗಿ ಉಳಿಯುತ್ತವೆ. ಎರರ್ ಏನೂ ಬರುವುದಿಲ್ಲ. ಕಾಲಮ್ಮಿನಲ್ಲಿ ಕೆಲವು ತಾರೀಕು ಬಲಕ್ಕೆ, ಕೆಲವು ಎಡಕ್ಕೆ ಅಂಟಿಕೊಂಡಿರುವುದೇ ಸುಳಿವು. ಎಡಕ್ಕಿರುವವು ಕಣ್ಣಿಗೆ ಕೆಟ್ಟದಾಗಿ ಕಂಡರೂ ಅವುಗಳಲ್ಲಿ ಮೂಲ ಮಾಹಿತಿ ಹಾಗೇ ಇದೆ. ಕೆಟ್ಟಿರುವುದು ನೀಟಾಗಿ ಬಲಕ್ಕೆ ಕೂತವು.

ಸಪ್ಲೈಯರ್ ಯಾವ ಕ್ರಮದಲ್ಲಿ ಬರೆದಿದ್ದಾರೆ ಅನ್ನುವುದಕ್ಕೆ ಸಾಕ್ಷಿ ಫೈಲಿನಲ್ಲೇ ಸಿಗುತ್ತದೆ. ತಿಂಗಳು ಮೊದಲು ಅಂತ ಓದಿದರೆ ನಾಲ್ಕೂ ಬಿಲ್ಲು ಮಂಗಳವಾರದವು, ವಾರಕ್ಕೊಂದು. ಪಾವತಿಗೆ 30 ದಿನದ ಗಡುವು ಇರುವ ಮೊದಲ ಬಿಲ್ಲಿನ ಕೊನೆ ದಿನ 04/03/25 ಅಂತಿರುತ್ತದೆ. ನಮ್ಮ ರೀತಿಯಲ್ಲಿ ಓದಿದರೆ ಬಿಲ್ಲು ಏಪ್ರಿಲ್ 3ರದ್ದು, ಹಣ ಕಟ್ಟಬೇಕಾದದ್ದು ಮಾರ್ಚ್ 4ಕ್ಕೆ! ಹೀಗೆ ಗಡುವು ಬಿಲ್ಲಿಗಿಂತ ಮೊದಲೇ ಬಂದರೆ ಓದಿದ ಕ್ರಮ ತಪ್ಪು ಅಂತ ಖಚಿತ.

ಸೆಲ್ ಫಾರ್ಮ್ಯಾಟ್ ಬದಲಿಸಿದರೆ ಇದು ಸರಿಹೋಗುವುದಿಲ್ಲ, ಏಕೆಂದರೆ ಒಳಗಿರುವ ದಿನವೇ ಬೇರೆ. ಮೂಲ ಫೈಲಿಗೇ ಹಿಂತಿರುಗಬೇಕು. Data ಮೆನುವಿನ From Text/CSV ಮೂಲಕ ತಂದು, Transform Data ಒತ್ತಿ, ಆ ಕಾಲಮ್ಮಿಗೆ Change Type, ಅದರಲ್ಲಿ Using Locale ಆರಿಸಿ, Date ಮತ್ತು English (United States) ಕೊಡಿ. ಈಗಿನ ಹಂತವನ್ನು ಬದಲಿಸಲೇ ಅಂತ ಕೇಳಿದರೆ Replace current ಅನ್ನಿ. ಇಲ್ಲವಾದರೆ ಮೊದಲೇ ತಪ್ಪಾಗಿ ಓದಿದ್ದರ ಮೇಲೆಯೇ ಹೊಸದು ಕೂರುತ್ತದೆ.

ಒಂಟಿ ಬಿಲ್ಲಿನಲ್ಲಿ ಇಂಥ ಸಾಕ್ಷಿಯೇ ಇರದಿದ್ದರೆ ಊಹೆ ಮಾಡದೆ ಕೇಳಿಬಿಡುತ್ತೇವೆ. "03/04/25 ಸರಿಯೇ?" ಅಂದರೆ ಅವರೂ ಹೌದು ಅನ್ನುತ್ತಾರೆ, ನಾವೂ ಇದ್ದಲ್ಲೇ ಇರುತ್ತೇವೆ. "ಮಾರ್ಚಿನದೋ ಏಪ್ರಿಲಿನದೋ?" ಅಂತ ತಿಂಗಳ ಹೆಸರು ಹಿಡಿದು ಕೇಳಬೇಕು. ಉತ್ತರ ಬಂದ ಮೇಲೆ ನಮ್ಮ ಶೀಟಿನಲ್ಲಿ ISO 8601 ಕ್ರಮದಲ್ಲಿ 2025-03-04 ಅಂತ ಬರೆದಿಡುತ್ತೇವೆ. ಈ ರೂಪದಲ್ಲಿದ್ದರೆ ಬರೀ ಅಕ್ಷರವಾಗಿ ಜೋಡಿಸಿದರೂ ದಿನಗಳು ಸರಿಯಾದ ಕ್ರಮದಲ್ಲೇ ಬರುತ್ತವೆ.