ಹೊಸ ಗಾಡಿಗೆ ಮನೆ ಮುಂದೆ ನಾವೇ ಪೂಜೆ ಮಾಡೋದು

"ಹೊಸ ಗಾಡಿ ತಗೊಂಡಿದ್ದೀವಿ. ಪುರೋಹಿತರು ಸಿಗ್ತಿಲ್ಲ, ಮಂತ್ರಾನೂ ಬರಲ್ಲ. ಮನೆ ಮುಂದೆ ನಾವೇ ಪೂಜೆ ಮಾಡಿದ್ರೆ ಆಗುತ್ತಾ?"

ಖಂಡಿತ ಆಗುತ್ತದೆ. ಬೆಂಗಳೂರಿನವರು ಕಸ್ತೂರ್ಬಾ ರಸ್ತೆಯ ಟ್ರಾಫಿಕ್ ಗಣೇಶನ ಹತ್ತಿರವೋ, ಮೈಸೂರು ರಸ್ತೆಯ ಗಾಳಿ ಆಂಜನೇಯನ ಹತ್ತಿರವೋ ಗಾಡಿ ಒಯ್ದು ಪೂಜೆ ಮಾಡಿಸುತ್ತಾರೆ. ಅದು ಒಳ್ಳೆಯದೇ. ಆದರೆ ಆಯುಧಪೂಜೆ ದಿನ ನಾವೆಲ್ಲ ಸೈಕಲ್ಲಿಂದ ಹಿಡಿದು ಕಾರಿನವರೆಗೆ ಮನೆ ಮುಂದೆ ನಾವೇ ಪೂಜೆ ಮಾಡುತ್ತೇವೆ ಅಲ್ವಾ? ಹೊಸ ಗಾಡಿಗೂ ಅದೇ ಕೈ ಸಾಕು. ಸೆಕೆಂಡ್ ಹ್ಯಾಂಡ್ ಗಾಡಿಯಾದರೂ ಅಷ್ಟೇ, ನಿಮ್ಮ ಮನೆಗೆ ಅದು ಹೊಸದು.

ನನ್ನ ತಂಗಿ ಬಿಳಿ ಬಣ್ಣದ ಕಾರು ತಗೊಂಡಾಗ ನಾವು ಮಾಡಿದ್ದನ್ನೇ ಹೇಳುತ್ತೇನೆ. ಗುರುವಾರ ಸಂಜೆ ಕಾರು ಮನೆಗೆ ಬಂತು. ಪೂಜೆ ಮಾಡದೆ ಓಡಿಸಿಕೊಂಡು ಬರಬಹುದಾ ಎಂದು ಅವಳಿಗೆ ಅಳುಕಿತ್ತು. "ಸ್ಟೀರಿಂಗ್ ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಗಣಪತಿ ನೆನೆಸಿಕೊಂಡು ಬಾಮ್ಮ" ಎಂದರು ಅಮ್ಮ. ಪೂಜೆ ಶುಕ್ರವಾರ ಬೆಳಿಗ್ಗೆ 9 ಗಂಟೆಗೆ ಇಟ್ಟುಕೊಂಡೆವು. ಶುಕ್ರವಾರ ರಾಹುಕಾಲ ಸುಮಾರು 10.30ರಿಂದ 12ರವರೆಗೆ, ಅಷ್ಟರೊಳಗೆ ಮುಗಿಯಲಿ ಎಂದು. ಮುಗಿಯಲು ಅರ್ಧ ಗಂಟೆಯೂ ಹಿಡಿಯಲಿಲ್ಲ.

ಗಾಡಿಯನ್ನು ಪೂರ್ವಕ್ಕೆ ಮುಖ ಮಾಡಿ ನಿಲ್ಲಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಮುಂದೆ ನೀರು ಚಿಮುಕಿಸಿ ಒಂದು ಚಿಕ್ಕ ರಂಗೋಲಿ ಹಾಕಿದೆವು. ಜಾಗ ಇಲ್ಲದಿದ್ದರೆ ದಿಕ್ಕಿನ ಬಗ್ಗೆ ಜಾಸ್ತಿ ತಲೆಕೆಡಿಸಿಕೊಳ್ಳಬೇಡಿ. ತಟ್ಟೆಯಲ್ಲಿ ಅರಿಶಿನ, ಕುಂಕುಮ, ಗಂಧ, ಅಕ್ಷತೆ, ಬಿಡಿ ಹೂವು, ಗರಿಕೆ, ವೀಳ್ಯದೆಲೆ ಅಡಿಕೆ, ಎರಡು ಬಾಳೆಹಣ್ಣು, ಒಂದು ತೆಂಗಿನಕಾಯಿ, ಊದುಬತ್ತಿ, ಕರ್ಪೂರ. ಜೊತೆಗೆ ನಾಲ್ಕು ನಿಂಬೆಹಣ್ಣು ಮತ್ತು ಒಂದು ಮೊಳ ಸೇವಂತಿಗೆ. ಕಾರಿನ ಕೀಲಿಯೂ ಅದೇ ತಟ್ಟೆಯಲ್ಲಿ.

ಮೊದಲು ಗಣಪತಿ. ಅರಿಶಿನಕ್ಕೆ ನಾಲ್ಕು ಹನಿ ನೀರು ಹಾಕಿ ಕಲಸಿ, ಹೆಬ್ಬೆರಳಿನಷ್ಟು ಎತ್ತರದ ಗೋಪುರ ಮಾಡಿ ವೀಳ್ಯದೆಲೆಯ ಮೇಲೆ ಕೂರಿಸಿದರೆ ಅದೇ ಗಣಪತಿ. ನೀರು ಹೆಚ್ಚಾದರೆ ಕುಸಿಯುತ್ತದೆ, ಚಪಾತಿ ಹಿಟ್ಟಿಗಿಂತ ಗಟ್ಟಿ ಇರಲಿ. ಅದಕ್ಕೆ ಕುಂಕುಮ, ಅಕ್ಷತೆ, ಗರಿಕೆ ಏರಿಸಿ ಈ ಶ್ಲೋಕ ಹೇಳಿ:

ವಕ್ರತುಂಡ ಮಹಾಕಾಯ ಸೂರ್ಯಕೋಟಿ ಸಮಪ್ರಭ |
ನಿರ್ವಿಘ್ನಂ ಕುರು ಮೇ ದೇವ ಸರ್ವಕಾರ್ಯೇಷು ಸರ್ವದಾ ||

ಇದರ ನಂತರ ಮನೆದೇವರ ಹೆಸರು ಹಿಡಿದು ಕನ್ನಡದಲ್ಲೇ ಬೇಡಿಕೊಳ್ಳಿ. ಅಮ್ಮ ಬೇಡಿದ್ದು ಇಷ್ಟು: "ಈ ಗಾಡಿಯಲ್ಲಿ ಹೋದವರು ಸುಖವಾಗಿ ಮನೆಗೆ ಬರಲಿ. ಇದರಿಂದ ದಾರಿಯಲ್ಲಿ ಯಾರಿಗೂ, ಯಾವ ಪ್ರಾಣಿಗೂ ನೋವಾಗದಿರಲಿ. ಓಡಿಸುವವಳಿಗೆ ಎಚ್ಚರ ಕೊಡು." ಸಂಕಲ್ಪ ಎಂದರೆ ಇದೇ. ಇದನ್ನು ಓಡಿಸುವವರ ಬಾಯಲ್ಲೂ ಒಂದು ಸಲ ಹೇಳಿಸಿ.

ಆಮೇಲೆ ಗಾಡಿಗೆ ಅರಿಶಿನ, ಕುಂಕುಮ. ಇಲ್ಲಿ ಒಂದು ವಿಷಯ ಗೊತ್ತಿರಬೇಕು. ಬಿಳಿ ಗಾಡಿಗೆ ಒದ್ದೆ ಅರಿಶಿನ ಬಳಿದರೆ ಹಳದಿ ಕಲೆ ನಿಲ್ಲಬಹುದು. ಅದನ್ನು ಬಟ್ಟೆ ಸೋಪಿನಲ್ಲಿ ಉಜ್ಜಿದರೆ ಕಲೆ ಕೆಂಪಗಾಗುತ್ತದೆ. ಸೋಪಿನಲ್ಲಿ ಕ್ಷಾರ ಇರುತ್ತದೆ, ಅರಿಶಿನ ಕ್ಷಾರಕ್ಕೆ ಸೇರಿದರೆ ಕೆಂಪಾಗುವುದೇ ಅದರ ಗುಣ. ಗಾಬರಿ ಬೇಡ, ಬರೀ ನೀರಿನಲ್ಲಿ ತೊಳೆದು ಬಿಸಿಲಿಗೆ ಬಿಡಿ. ಬಿಸಿಲಿಗೆ ಅರಿಶಿನದ ಬಣ್ಣ ದಿನದಿಂದ ದಿನಕ್ಕೆ ಮಾಸುತ್ತದೆ. ನಾವು ಬಾನೆಟ್ ಮೇಲೆ ಗಂಧದಲ್ಲಿ ಸಣ್ಣ ಸ್ವಸ್ತಿಕ ಬರೆದು, ನಡುವೆ ಒಂದು ಕುಂಕುಮದ ಬೊಟ್ಟು ಇಟ್ಟೆವು. ವಿಭೂತಿ ಧರಿಸುವ ಮನೆಯವರು ಮೂರು ಪಟ್ಟೆ ಎಳೆಯುತ್ತಾರೆ. ನಾಲ್ಕು ಚಕ್ರಕ್ಕೆ, ಸ್ಟೀರಿಂಗಿಗೆ, ಕೀಲಿಗೆ ಒಂದೊಂದು ಬೊಟ್ಟು. ಮುಂದಿನ ಗಾಜು, ಕ್ಯಾಮೆರಾ, ನಂಬರ್ ಪ್ಲೇಟು ಬಿಟ್ಟುಬಿಡಿ. ಡ್ಯಾಶ್‌ಬೋರ್ಡಿಗೆ ಪುಟ್ಟ ಗಣಪತಿ ಅಂಟಿಸುವವರು ಏರ್‌ಬ್ಯಾಗ್ ಎಂದು ಅಚ್ಚೊತ್ತಿರುವ ಮುಚ್ಚಳದ ಮೇಲೆ ಖಂಡಿತ ಅಂಟಿಸಬೇಡಿ. ಅದು ಸಿಡಿದು ತೆರೆದುಕೊಂಡರೆ ವಿಗ್ರಹ ಎದುರಿಗಿದ್ದವರ ಮುಖಕ್ಕೇ ಬಡಿಯುತ್ತದೆ.

ಊದುಬತ್ತಿ ಬೆಳಗಿ, ಕಾಯಿ ಒಡೆದು ಹಣ್ಣಿನ ಜೊತೆ ನೈವೇದ್ಯ ಮಾಡಿ, ಮಂಗಳಾರತಿ. ಕಾಯಿಯನ್ನು ಚಕ್ರಕ್ಕೋ ಬಂಪರಿಗೋ ಹೊಡೆಯಬೇಡಿ, ಕಲ್ಲಿನ ಮೇಲೆ ಒಡೆಯಿರಿ. ಕರ್ಪೂರ ತಟ್ಟೆಯಲ್ಲೇ ಉರಿಯಲಿ, ಗಾಡಿ ಒಳಗೆ ಬೇಡ. ಸ್ಕೂಟರ್, ಬೈಕ್ ಆದರೆ ಪೆಟ್ರೋಲ್ ಟ್ಯಾಂಕಿನಿಂದ ಎರಡು ಹೆಜ್ಜೆ ದೂರ ನಿಂತು ಬೆಳಗಿ.

ಉಳಿದದ್ದು ದೃಷ್ಟಿ ತೆಗೆಯುವುದು. ಸಾಮಾನ್ಯವಾಗಿ ಬೂದುಗುಂಬಳಕಾಯಿಯ ತೊಟ್ಟಿನ ಹತ್ತಿರ ಚೌಕವಾಗಿ ಕೊರೆದು, ಒಳಗೆ ಕುಂಕುಮ, ಚಿಲ್ಲರೆ ಹಾಕಿ, ಮೇಲೆ ಕರ್ಪೂರ ಹಚ್ಚಿ, ಗಾಡಿಗೆ ಮೂರು ಸಲ ನಿವಾಳಿಸಿ ರಸ್ತೆಗೆ ಒಡೆಯುತ್ತಾರೆ. ಹಿಂದೆ ನಮ್ಮ ಮನೆಯಲ್ಲೂ ಹಾಗೇ ಮಾಡುತ್ತಿದ್ದೆವು. ಒಂದು ವರ್ಷ ಆಯುಧಪೂಜೆ ಸಂಜೆ, ನಾವು ಒಡೆದ ಕಾಯಿಯ ಮೇಲೆ ಪಕ್ಕದ ಬೀದಿಯ ಹುಡುಗನ ಸೈಕಲ್ ಜಾರಿತು. ಬಿಳಿ ತಿರುಳು, ಕೆಂಪು ಕುಂಕುಮ, ಅದರ ಮಧ್ಯೆ ಅವನ ಮೊಣಕೈಯಿಂದ ರಕ್ತ. ಯಾವುದು ಕುಂಕುಮ ಯಾವುದು ರಕ್ತ ಎಂದೇ ಗೊತ್ತಾಗಲಿಲ್ಲ. ಯಾರಿಗೂ ನೋವಾಗದಿರಲಿ ಎಂದು ಬೇಡಿಕೊಂಡ ಜಾಗದಲ್ಲೇ ಹೀಗಾಯಿತಲ್ಲ ಎಂದು ಅಮ್ಮ ರಾತ್ರಿಯೆಲ್ಲ ಮಲಗಲಿಲ್ಲ. ಅವತ್ತಿನಿಂದ ನಮ್ಮಲ್ಲಿ ಕುಂಬಳಕಾಯಿ ಇಲ್ಲ. ನಿಮಗೆ ಒಡೆಯಲೇಬೇಕು ಅನ್ನಿಸಿದರೆ ಗೇಟಿನ ಒಳಗೆ ಒಡೆಯಿರಿ. ಹೊರಗೇ ಒಡೆದರೆ ಪೂಜೆ ಮುಗಿದ ತಕ್ಷಣ ಬಾಚಿ, ಒಂದು ಬಕೆಟ್ ನೀರು ಹಾಕಿ ತೊಳೆಯಿರಿ.

ಅದರ ಬದಲಿಗೆ ಓಕುಳಿ ಆರತಿ ಮಾಡುತ್ತೇವೆ. ಮದುಮಕ್ಕಳಿಗೆ, ಬಾಣಂತಿ ಮಗುವಿಗೆ ಬಾಗಿಲಲ್ಲಿ ಎತ್ತುತ್ತೇವಲ್ಲ, ಅದೇ. ತಟ್ಟೆಯಲ್ಲಿ ಎರಡು ಲೋಟ ನೀರು, ಅರ್ಧ ಚಮಚ ಅರಿಶಿನ, ಕಡಲೆಕಾಳಿನಷ್ಟು ಎಲೆಗೆ ಹಚ್ಚುವ ಸುಣ್ಣ. ಬೆರಳಲ್ಲಿ ಕದಡಿದರೆ ಹಳದಿ ನೀರು ಕಣ್ಣೆದುರೇ ಕೆಂಪಾಗುತ್ತದೆ. ಕೆಂಪಾಗದಿದ್ದರೆ ಸುಣ್ಣ ಸಾಲದು ಎಂದರ್ಥ. ವೀಳ್ಯದೆಲೆಯ ಮೇಲೆ ಒಂದು ಬಿಲ್ಲೆ ಕರ್ಪೂರ ಹಚ್ಚಿ ಅದರಲ್ಲಿ ತೇಲಿಬಿಟ್ಟು ಮೂರು ಸುತ್ತು ನಿವಾಳಿಸಿ, ನೀರನ್ನು ಗಿಡದ ಪಕ್ಕ ಚೆಲ್ಲಿದರೆ ಮುಗಿಯಿತು.

ನಿಂಬೆಹಣ್ಣು ಕೊನೆಗೆ. ಒಂದೊಂದು ಚಕ್ರದ ಮುಂದೆ ಒಂದೊಂದು, ಸ್ಕೂಟರಿಗೆ ಎರಡು ಸಾಕು. ಗಾಡಿ ಮುಂದಕ್ಕೆ ಹೋಗಿ ಅದನ್ನು ತುಳಿಯಬೇಕು. ಆ ಹೊತ್ತಿಗೆ ಎಲ್ಲರೂ ಫೋಟೋಗೆ ಗಾಡಿ ಮುಂದೆಯೇ ನಿಂತಿರುತ್ತಾರೆ, ಇದು ನನಗೆ ತುಂಬಾ ಭಯದ ವಿಷಯ. ಹೊಸ ಗಾಡಿ, ಹೊಸ ಪೆಡಲ್, ಓಡಿಸುವವರ ಕಾಲಿಗೆ ಇನ್ನೂ ಅಭ್ಯಾಸ ಆಗಿರುವುದಿಲ್ಲ. ಆಟೋಮ್ಯಾಟಿಕ್ ಕಾರಾದರೆ ಬ್ರೇಕಿನಿಂದ ಕಾಲೆತ್ತಿದರೆ ಸಾಕು, ತಾನೇ ಮೆಲ್ಲಗೆ ಚಲಿಸುತ್ತದೆ, ಆಕ್ಸಿಲರೇಟರ್ ಒತ್ತುವುದೇ ಬೇಡ. ಹಾಗಾಗಿ ನಮ್ಮಲ್ಲಿ ಒಂದು ಕಟ್ಟಳೆ ಮಾಡಿಕೊಂಡಿದ್ದೇವೆ. ಕೀಲಿ ಪೂಜೆಯ ತಟ್ಟೆಯಲ್ಲೇ ಇರಬೇಕು. ಮಕ್ಕಳು, ಹಿರಿಯರು ಎಲ್ಲ ಪಕ್ಕಕ್ಕೆ ಬಂದು ನಿಂತ ಮೇಲೆ ಅಮ್ಮ ಅದನ್ನು ಎತ್ತಿ ಓಡಿಸುವವರ ಕೈಗೆ ಕೊಡುತ್ತಾರೆ.

ತಂಗಿ ಕೀಲಿ ತಗೊಂಡು ಅಮ್ಮನ ಕಾಲಿಗೆ ನಮಸ್ಕಾರ ಮಾಡಿದಳು. ಕಾರು ಒಂದು ಗಜ ಮುಂದೆ ಹೋಯಿತು, ನಿಂಬೆಹಣ್ಣು ಪಚಕ್ ಎಂದವು. ಅವಳು ಬೆಲ್ಟ್ ಹಾಕಿಕೊಂಡು, ಅಮ್ಮನಿಗೂ ಹಾಕಿ, ಬೀದಿ ಕೊನೆಯ ಗಣಪತಿ ಗುಡಿಯವರೆಗೆ ಹೋಗಿ ಬಂದಳು. ನಾನು ಅಷ್ಟರಲ್ಲಿ ನಿಂಬೆ ಸಿಪ್ಪೆ ಗುಡಿಸಿ ಹಾಕಿದೆ. ಮಾರನೇ ದಿನ ಊರಿಗೆ ಹೊರಡುವ ಮುಂಚೆ ಸೇವಂತಿಗೆ ಹಾರ ಬಿಚ್ಚಿ ತುಳಸಿ ಕಟ್ಟೆಯ ಮೇಲೆ ಇಟ್ಟೆವು.