ಅರ್ಧವೃತ್ತದ ಚೌಕ: 100 ಅಲ್ಲ, 80

ರಟ್ಟಿನ ಆಕೃತಿಗಳಲ್ಲಿ ಹಿಡಿಸುವ ಅತಿ ದೊಡ್ಡ ಚೌಕ ಹುಡುಕುವ ಕೆಲಸ ಅರ್ಧವೃತ್ತದವರೆಗೆ ಬಂದಿದೆ. ಪೂರ್ಣ ವೃತ್ತದ್ದು ಮೊದಲೇ ಮುಗಿದಿತ್ತು. ತ್ರಿಜ್ಯ 10 ಸೆಂ.ಮೀ.; ಒಂದಕ್ಕೊಂದು ಲಂಬವಾದ ಎರಡು ವ್ಯಾಸಗಳ ತುದಿಗಳನ್ನು ಸೇರಿಸಿದರೆ ಚೌಕ ಸಿದ್ಧ. ಕರ್ಣ 20 ಸೆಂ.ಮೀ., ವಿಸ್ತೀರ್ಣ 200 ಚದರ ಸೆಂ.ಮೀ.

ಅದೇ ತ್ರಿಜ್ಯದ ಅರ್ಧವೃತ್ತದಲ್ಲಿ ಚೌಕವನ್ನು ಅಂದಾಜಿನಿಂದ ಎಳೆಯಬೇಕಾಗಿಲ್ಲ. ವ್ಯಾಸದ ಒಂದು ತುದಿಯಲ್ಲಿ 20 ಸೆಂ.ಮೀ. ಎತ್ತರದ ಲಂಬ ನಿಲ್ಲಿಸಿ, ಅದರ ನೆತ್ತಿಯಿಂದ ಕೇಂದ್ರಕ್ಕೆ ಗೆರೆ ಎಳೆದೆ. ಆ ಗೆರೆ ಕಂಸವನ್ನು ಕತ್ತರಿಸುವ ಜಾಗವೇ ಚೌಕದ ಮೇಲಿನ ಮೂಲೆ. ಅಲ್ಲಿಂದ ವ್ಯಾಸಕ್ಕೆ ಲಂಬ ಇಳಿಸಿದರೆ ಒಂದು ಬಾಹು ಸಿಗುತ್ತದೆ. ಗೆರೆ ಅಡ್ಡಕ್ಕೆ ಒಂದು ಪಾಲು ಸರಿದಾಗ ಮೇಲಕ್ಕೆ ಎರಡು ಪಾಲು ಏರುತ್ತದೆ, ಚೌಕಕ್ಕೆ ಬೇಕಾದದ್ದೂ ಅದೇ: ಕೇಂದ್ರದಿಂದ ಅರ್ಧ ಬಾಹು ಅಡ್ಡಕ್ಕೆ, ಪೂರ್ತಿ ಬಾಹು ಮೇಲಕ್ಕೆ. ಬಾಹು s ಆದರೆ ಪೈಥಾಗೊರಸ್ ಪ್ರಮೇಯದಂತೆ s² + s²/4 = 100, ಅಂದರೆ s² = 80. ಅಳತೆಪಟ್ಟಿಯಲ್ಲಿ ಬಾಹು 8.9 ಸೆಂ.ಮೀ.ಗಿಂತ ಕೂದಲೆಳೆಯಷ್ಟು ಹೆಚ್ಚು ಕಾಣುತ್ತದೆ, ಲೆಕ್ಕ 8.94 ಎನ್ನುತ್ತದೆ.

ವೃತ್ತ ಅರ್ಧವಾದರೆ ಚೌಕವೂ ಅರ್ಧವಾಗಿ 100 ಬರಬೇಕಲ್ಲವೇ ಎಂದು ರಟ್ಟು ನೋಡಿದವರೆಲ್ಲ ಕೇಳುತ್ತಾರೆ. 100 ಚದರ ಸೆಂ.ಮೀ.ಗೆ ಅಲ್ಲಿ ಜಾಗವಿದೆ, ಆದರೆ ಅದು ಆಯತಕ್ಕೆ. ದೊಡ್ಡ ಚೌಕವನ್ನು ಬಾಹುವಿಗೆ ಸಮಾಂತರವಾಗಿ ನಡುವೆ ಸೀಳಿದರೆ ಸಿಗುವ 14.14 × 7.07 ತುಂಡು ಅರ್ಧವೃತ್ತದಲ್ಲಿ ಸರಿಯಾಗಿ ಕೂರುತ್ತದೆ. ಚೌಕವೇ ಬೇಕೆಂಬ ಹಟಕ್ಕೆ ತೆರುವ ಬೆಲೆ ಉಳಿದ 20.

ಚೌಕವನ್ನು ಸ್ವಲ್ಪ ಓರೆಯಾಗಿ ಇಟ್ಟರೆ ಇನ್ನೂ ದೊಡ್ಡದು ಹಿಡಿಸೀತೇ? ಇದಕ್ಕೆ ರಟ್ಟು ಉತ್ತರ ಕೊಡಲಾರದು, ತರ್ಕವೇ ಬೇಕು. ಚೌಕ ವ್ಯಾಸವನ್ನು ದಾಟುವಂತಿಲ್ಲ, ಕೇಂದ್ರ ಇರುವುದು ವ್ಯಾಸದ ಮೇಲೆ. ಹಾಗಾಗಿ ಕೇಂದ್ರ ಚೌಕದ ಒಳಭಾಗದಲ್ಲಿ ಇರಲಾರದು. ಎಂದಮೇಲೆ ಚೌಕದ ಯಾವುದೋ ಒಂದು ಬಾಹುವನ್ನು ಎರಡೂ ಕಡೆಗೆ ಬೆಳೆಸಿದರೆ ಚೌಕ ಅದರ ಒಂದು ಬದಿಗಿರುತ್ತದೆ. ಕೇಂದ್ರ ಆ ಗೆರೆಯ ಮೇಲೆ ಅಥವಾ ಅದರಾಚೆ ಇರುತ್ತದೆ. ಆಗ ಎದುರಿನ ಬಾಹುವಿನ ಗೆರೆ ಕೇಂದ್ರದಿಂದ ಕನಿಷ್ಠ s ದೂರದಲ್ಲಿದೆ. ಕೇಂದ್ರದಿಂದ ಆ ಗೆರೆಗೆ ಎಳೆದ ಲಂಬ ಎಲ್ಲೇ ಬೀಳಲಿ, ಬಾಹುವಿನ ಒಂದು ಮೂಲೆಯಾದರೂ ಲಂಬದ ಪಾದದಿಂದ s/2 ಅಥವಾ ಇನ್ನೂ ದೂರ ಇರಲೇಬೇಕು. ಆ ಮೂಲೆ ವೃತ್ತದ ಒಳಗಿರಬೇಕಾದರೆ s² + s²/4 ನೂರನ್ನು ಮೀರಬಾರದು. ಓರೆಯಾಗಿಟ್ಟರೂ 80 ದಾಟುವುದಿಲ್ಲ. ಯಾವ ತ್ರಿಜ್ಯಕ್ಕಾದರೂ ಅರ್ಧವೃತ್ತದ ಚೌಕಕ್ಕೂ ಪೂರ್ಣ ವೃತ್ತದ ಚೌಕಕ್ಕೂ ವಿಸ್ತೀರ್ಣದ ಅನುಪಾತ 2 : 5.

ಈ ವಾದದಲ್ಲಿ ನನಗೆ ಹಿಡಿಸಿದ್ದು, ಅದು ಅರ್ಧವೃತ್ತದ ಆಕಾರವನ್ನು ಬಳಸಿಕೊಳ್ಳುವುದೇ ಇಲ್ಲ. ಕೇಂದ್ರವನ್ನು ಒಳಗೆ ಸೇರಿಸಿಕೊಳ್ಳದ ಚೌಕ ಪೂರ್ಣ ವೃತ್ತದಲ್ಲಿ ಎಲ್ಲೇ ಇದ್ದರೂ 80ಕ್ಕಿಂತ ದೊಡ್ಡದಾಗದು.

ಮುಂದಿನದು ಕಾಲುವೃತ್ತ. ಒಂದು ಮೂಲೆಯನ್ನು ಕೇಂದ್ರದಲ್ಲಿಟ್ಟ ಚೌಕ 50 ಕೊಡುತ್ತದೆ. ಎರಡು ಮೂಲೆ ತ್ರಿಜ್ಯಗಳ ಮೇಲೆ, ಎರಡು ಕಂಸದ ಮೇಲೆ ಬರುವಂತೆ ಓರೆಯಾಗಿಟ್ಟರೆ 40 ಮಾತ್ರ. ಎರಡನ್ನೂ ಗುರುತು ಹಾಕಿಟ್ಟಿದ್ದೇನೆ, ಕತ್ತರಿಸುವುದು ಬಾಕಿ.