ಹರಳಿನಾಚೆ ಕಂಡ ಅಕ್ಷರ

ಶಿರಸಿಯ ಶೇಟರ ಅಂಗಡಿಯಲ್ಲಿ ಇಂದು ಬಿಡಿ ಹರಳೊಂದನ್ನು ಪತ್ರಿಕೆಯ ಮೇಲಿಟ್ಟು ನೋಡಿದೆ. ಮಿನುಗಲೆಂದು ಹಲವು ಪುಟ್ಟ ಮುಖಗಳಾಗಿ ಬ್ರಿಲಿಯಂಟ್ ಕಟ್ ಮಾಡಿದ ನೇರಳೆ ಅಮೆಥಿಸ್ಟ್ ಅದು. ಅಂಚೆಲ್ಲ ಮಿನುಗುತ್ತಿದ್ದರೂ ನಟ್ಟನಡುವೆ ಕೆಳಗಿನ ಅಕ್ಷರಗಳು ಗಾಜಿನಲ್ಲಿ ಕಂಡಂತೆ ಕಾಣುತ್ತಿದ್ದವು. ಕಸುಬಿನಲ್ಲಿ ಇದಕ್ಕೆ ‘ವಿಂಡೋ’ ಎನ್ನುತ್ತಾರೆ.

ಮೇಲಿನಿಂದ ನೇರವಾಗಿ ಇಳಿದ ಬೆಳಕು ಹರಳಿನ ತಳದ ಇಳಿಜಾರು ಮುಖಗಳಿಗೆ ಬಡಿದು ಮರಳಿ ಕಣ್ಣಿಗೆ ಬರಬೇಕಾದರೆ, ಅಮೆಥಿಸ್ಟ್‌ನಲ್ಲಿ ಆ ಇಳಿಜಾರು ಸುಮಾರು 40.5 ಡಿಗ್ರಿಗಿಂತ ಹೆಚ್ಚಿರಬೇಕು. ಕುಶಲಿಗರು ಸಾಮಾನ್ಯವಾಗಿ 43ರ ಆಸುಪಾಸಿನಲ್ಲಿ ಸಾಣೆ ಹಿಡಿಯುತ್ತಾರೆ. ಇಳಿಜಾರು 35ಕ್ಕೆ ಇಳಿದರೆ ಬೆಳಕು ತಳದಿಂದಲೇ ಸೋರಿಹೋಗುತ್ತದೆ. ಹಾಗಿದ್ದರೂ ತಳವನ್ನು ಚಪ್ಪಟೆಯಾಗಿಸುವುದು ಅಜ್ಞಾನದಿಂದಲೇ ಅಲ್ಲ: ಕಚ್ಚಾ ಕಲ್ಲು ತೆಳುವಾಗಿದ್ದಾಗ ಸರಿಯಾದ ಕೋನಕ್ಕೆ ಕತ್ತರಿಸಿದರೆ ಹರಳಿನ ಅಗಲವೂ ತೂಕವೂ ಕುಗ್ಗುತ್ತವೆ, ಮಾರಾಟವೋ ಕ್ಯಾರೆಟ್ ಲೆಕ್ಕದಲ್ಲಿ. ಅಮೆಥಿಸ್ಟ್‌ನಂಥ ಅಗ್ಗದ ಕಲ್ಲಿನಲ್ಲಿ ಈ ಜಿಪುಣತನ ನನಗಂತೂ ಒಪ್ಪಿಗೆಯಿಲ್ಲ.

ಪಚ್ಚೆಯ ಲೆಕ್ಕ ಬೇರೆ. ಮೆಟ್ಟಿಲಿನಂಥ ಉದ್ದ ಮುಖಗಳ ಸ್ಟೆಪ್ ಕಟ್ ಕಿಡಿಗಿಂತ ಬಣ್ಣವನ್ನು ತೋರಿಸುತ್ತದೆ, ಕತ್ತರಿಸಿದ ಮೂಲೆಗಳು ಸುಲಭವಾಗಿ ಚಕ್ಕೆ ಏಳುವುದಿಲ್ಲ. ಆದರೆ ಒಳಗಿನ ಬಿರುಕೂ ಮರೆಯಾಗದು.

ಪಕ್ಕದಲ್ಲಿದ್ದ ಮಬ್ಬು ನಕ್ಷತ್ರ ಮಾಣಿಕ್ಯಕ್ಕೆ ಮುಖಗಳೇ ಇರಲಿಲ್ಲ. ಒಳಗಿನ ರೂಟೈಲ್ ಎಂಬ ಖನಿಜದ ಸೂಕ್ಷ್ಮ ಸೂಜಿಗಳು ಚದುರಿಸಿದ ಬೆಳಕು ಆರು ಕಿರಣಗಳಾಗಿ ಕೂಡಲು ಗುಮ್ಮಟದಂತೆ ಉಜ್ಜಿದ ಕ್ಯಾಬೊಶಾನ್ ಮೈಯೇ ಬೇಕು, ಅದರ ತಳ ಆ ಸೂಜಿಗಳ ಸಮತಲಕ್ಕೆ ಸಮಾನಾಂತರವಾಗಿರಬೇಕು. ಇಲ್ಲಿ ಅದು ತುಸು ಓರೆಯಾಗಿದ್ದುದರಿಂದ ನಕ್ಷತ್ರ ನೆತ್ತಿ ಬಿಟ್ಟು ಒಂದು ಬದಿಗೆ ಜಾರಿತ್ತು.